ಎಣಿಸಿ ಆರಿಸಿದ ಮೊದಲ ಪದ

ನಾವು ಮೂವರೂ ಒಂದೇ ಬಸ್ಸಿನವರು. ಜೇವರ್ಗಿಯಿಂದ ನೆಲೋಗಿ ಕಡೆ ಹೋಗುವ ಬೆಳಗಿನ ಬಸ್ಸು, ದಾರಿಯಲ್ಲಿ ಸಿಗುವ ಒಂದು ಹಳ್ಳಿ, ಅಲ್ಲೊಂದು ಪ್ರೌಢಶಾಲೆ. ನಾನು ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ, ಈಗಲೂ ಕಲಿಸುತ್ತೇನೆ. ಒಬ್ಬಾಕೆ ಗಣಿತದವಳು, ಇನ್ನೊಬ್ಬಾಕೆ ವಿಜ್ಞಾನದವಳು. ವಯಸ್ಸಿನಲ್ಲಿ ನಾನೇ ದೊಡ್ಡವಳು, ಆದ್ದರಿಂದ ಇಬ್ಬರೂ ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದರು. ನಾನು ಅವರನ್ನು ತಂಗಿ ಎಂದೇ ಕರೆಯುತ್ತಿದ್ದೆ, ಹಾಗೆಂದೇ ನಂಬಿಯೂ ಇದ್ದೆ.

ಫೋನಿನಲ್ಲಿ ದಿನಕ್ಕೊಂದು ಪದ ಹುಡುಕುವ ಆಟವನ್ನು ನಮ್ಮ ಬಸ್ಸಿಗೆ ತಂದವಳು ವಿಜ್ಞಾನದವಳು. ಐದು ಅಕ್ಷರದ ಒಂದು ಇಂಗ್ಲಿಷ್ ಪದ ಅಡಗಿರುತ್ತದೆ, ಆ ದಿನ ಎಲ್ಲರಿಗೂ ಅದೇ ಪದ. ಆರು ಸಲ ಊಹಿಸಬಹುದು. ನೀವು ಹಾಕಿದ ಅಕ್ಷರ ಆ ಪದದಲ್ಲಿ ಇಲ್ಲವೇ ಇಲ್ಲ ಎಂದರೆ ಅದರ ಮನೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇದೆ, ಆದರೆ ಬೇರೆ ಜಾಗದಲ್ಲಿದೆ ಎಂದರೆ ಹಳದಿ. ಇದೆ, ಅದೇ ಜಾಗದಲ್ಲೇ ಇದೆ ಎಂದರೆ ಹಸಿರು. ಆಟ ಮುಗಿದ ಮೇಲೆ ಆ ಬಣ್ಣದ ಮನೆಗಳನ್ನಷ್ಟೇ ಬೇರೆಯವರಿಗೆ ಕಳಿಸಬಹುದು. ಅಕ್ಷರಗಳು ಕಾಣುವುದಿಲ್ಲ, ಆದ್ದರಿಂದ ಇನ್ನೂ ಆಡದವರ ಆಟ ಕೆಡುವುದಿಲ್ಲ. ಈ ಕೊನೆಯ ಮಾತನ್ನು ನೆನಪಿಡಿ. ನನ್ನ ತಂಗಿಯರು ಇದನ್ನೇ ನಂಬಿ ಕೆಟ್ಟರು.

ಮೊದಮೊದಲು ಬಾಯಿಗೆ ಬಂದ ಪದ ಹಾಕುತ್ತಿದ್ದೆವು. ವಿಜ್ಞಾನದವಳು ಒಂದು ದಿನ ಯಾವುದೋ ಹಣ್ಣಿನ ಹೆಸರು, ಇನ್ನೊಂದು ದಿನ ಯಾವುದೋ ಹಕ್ಕಿಯ ಹೆಸರು ಹಾಕುವಳು. ಐದೂ ಮನೆ ಬೂದಿಯಾದರೆ ಹಣೆ ಬಡಿದುಕೊಳ್ಳುವಳು. ನನಗೆ ಇಂಥ ಕುರುಡು ಆಟ ಆಗಿಬರುವುದಿಲ್ಲ. ಮೊದಲ ಪದಕ್ಕೆ ಯಾವ ಸುಳಿವೂ ಇರುವುದಿಲ್ಲ, ಸರಿ. ಹಾಗಾದರೆ ಅಲ್ಲಿ ಗೆಲ್ಲುವುದಲ್ಲ ಕೆಲಸ, ಹೆಚ್ಚು ಸುದ್ದಿ ತರುವುದು ಕೆಲಸ. ಹೆಚ್ಚು ಪದಗಳಲ್ಲಿ ಬರುವ ಅಕ್ಷರಗಳನ್ನು ಮೊದಲೇ ಕೇಳಿಬಿಟ್ಟರೆ, ಹೌದೆಂದರೂ ಲಾಭ, ಇಲ್ಲವೆಂದರೂ ಲಾಭ. ಒಂದೇ ಅಕ್ಷರವನ್ನು ಎರಡು ಸಲ ಹಾಕಬಾರದು, ಒಂದು ಮನೆ ದಂಡವಾಗುತ್ತದೆ. ಇಷ್ಟನ್ನು ನಾನು ಬಸ್ಸಿನಲ್ಲಿ ನಿಂತುಕೊಂಡೇ ಅವರಿಗೆ ಪಾಠ ಮಾಡಿದೆ.

ಆಮೇಲೆ ಎಣಿಸಿದೆವು. ದಿನಪತ್ರಿಕೆಯಲ್ಲಿ ಎಣಿಸೋಣ ಎಂದಳು ವಿಜ್ಞಾನದವಳು. ನಾನು ಬೇಡವೆಂದೆ. ಓದುವ ಬರಹದಲ್ಲಿ ಸಾಲಿಗೆ ನಾಲ್ಕು ಸಲ ‘ದಿ’, ‘ದಟ್’, ‘ದಿಸ್’ ಬಂದು ಟಿ ಮತ್ತು ಎಚ್ ಸುಮ್ಮನೆ ಮೇಲೇರಿ ಕೂತುಬಿಡುತ್ತವೆ. ನಮಗೆ ಬೇಕಾದದ್ದು ಐದಕ್ಷರದ ಬೇರೆ ಬೇರೆ ಪದಗಳು, ಒಂದೊಂದು ಪದಕ್ಕೆ ಒಂದೇ ಲೆಕ್ಕ. ಶಾಲೆಯ ಕಪಾಟಿನಲ್ಲಿದ್ದ ಸಣ್ಣ ನಿಘಂಟನ್ನು ತೆಗೆದು ಮೂವರೂ ಹಂಚಿಕೊಂಡೆವು. ಮಧ್ಯಾಹ್ನದ ಬಿಸಿಯೂಟ ಬಡಿಸಿದ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನಿಗೆ ಗೀಟು ಹಾಕುತ್ತ ಕೂಡುತ್ತಿದ್ದೆವು. ಜೋಳದ ರೊಟ್ಟಿ ಒಂದು ಕೈಯಲ್ಲಿ, ಪೆನ್ನು ಇನ್ನೊಂದು ಕೈಯಲ್ಲಿ. ಶೇಂಗಾ ಹಿಂಡಿಯ ಎಣ್ಣೆ ಕಾಗದಕ್ಕೆ ಹತ್ತಿದ್ದಕ್ಕೆ ನಾನು ಗಣಿತದವಳನ್ನು ಬೈದದ್ದೂ ನೆನಪಿದೆ. ಅಂಥ ಸುಖದ ಮಧ್ಯಾಹ್ನಗಳು ನನ್ನ ನೌಕರಿಯಲ್ಲಿ ಬೇರೆ ಇಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಎಣಿಕೆ ಮುಗಿದಾಗ ಇ ಎಲ್ಲಕ್ಕಿಂತ ಮೇಲಿತ್ತು. ಅದರ ಹಿಂದೆ ಎ, ಆಮೇಲೆ ಆರ್. ಓ, ಟಿ, ಎಲ್, ಐ, ಎಸ್ ಒಂದರ ಬೆನ್ನಿಗೆ ಒಂದು ಅಂಟಿಕೊಂಡಿದ್ದವು. ಮೊದಲ ಮೂರನ್ನು ಇಟ್ಟುಕೊಂಡು, ಉಳಿದವುಗಳಲ್ಲಿ ಟಿ ಮತ್ತು ಎಸ್ ಆರಿಸಿ ನಾನು ಒಂದು ಪದ ಕಟ್ಟಿದೆ. ಆರ್, ಎ, ಟಿ, ಇ, ಎಸ್. ರೇಟ್ಸ್. ಬಜಾರಿನಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು, ಮರೆಯುವ ಹಾಗೇ ಇಲ್ಲ.

ಗಣಿತದವಳು ಗೀಟುಗಳನ್ನೇ ನೋಡುತ್ತ ಹೇಳಿದಳು. “ಅಕ್ಕಾರ, ಎಷ್ಟ ಸಲ ಬರ್ತದ ಅನ್ನೂದಷ್ಟ ಸಾಲಂಗಿಲ್ರಿ. ಎಲ್ಲಿ ಬರ್ತದ ಅನ್ನೂದೂ ಎಣಸಬೇಕ್ರಿ. ಎಸ್ ತಲಿಗೆ ಭಾಳ ಕಾಣಾಕತ್ತದ, ಇ ಬಾಲಕ್ಕ.”

“ಬಾಲಕ್ಕ ಎಸ್ ಬರ್ತದ ಬೇ, ಬಹುವಚನಕ್ಕ,” ಎಂದೆ ನಾನು. “ಹುಡುಗ್ರಿಗಿ ಅದನ್ನ ಕಲಸಿ ಕಲಸಿ ನನ್ನ ಗಂಟಲ ಹರದಾವ. ನನಗ ಇಂಗ್ಲಿಷ್ ಹೇಳಾಕ ಬರಬ್ಯಾಡ ನೀ.”

ವಿಜ್ಞಾನದವಳು ನಕ್ಕಳು. ಗಣಿತದವಳೂ ನಕ್ಕು, “ಆತ್ರಿ ಅಕ್ಕಾರ, ನೀವ್ ಹೇಳಿದ್ದ ಖರೆ,” ಎಂದು ಕಾಗದ ಮಡಚಿಟ್ಟಳು. ಅವತ್ತಿನಿಂದ ಮೂವರೂ ದಿನಾ ಅದೇ ಪದದಿಂದ ಶುರು ಮಾಡಬೇಕೆಂದು ಮಾತಾಯಿತು. ನಾನೇನು ಅವಳ ಬಾಯಿಗೆ ಬಟ್ಟೆ ತುರುಕಿದ್ದೆನೇ? ಬೇಡವಾಗಿದ್ದರೆ ಅವತ್ತೇ ಬೇಡ ಎನ್ನಬಹುದಿತ್ತು.

ಆಮೇಲೆ ವರ್ಗಾವಣೆಯ ಕೌನ್ಸೆಲಿಂಗ್ ಬಂತು. ಗಣಿತದವಳಿಗೆ ಆಳಂದ ಸಿಕ್ಕಿತು, ಗಂಡನ ಊರು. ವಿಜ್ಞಾನದವಳಿಗೆ ಅಫಜಲಪುರ ತಾಲೂಕು, ಘತ್ತರಗಿಯ ಹತ್ತಿರ. ಬಸ್ಸಿನಲ್ಲಿ ಮೂರು ಜನರ ಸೀಟಿನಲ್ಲಿ ನಾನು ಒಬ್ಬಳೇ ಉಳಿದೆ. ಪಕ್ಕಕ್ಕೆ ಯಾರ್ಯಾರೋ ಬಂದು ಕೂಡುತ್ತಾರೆ, ಚೀಲ ಇಡುತ್ತಾರೆ, ಇಳಿದು ಹೋಗುತ್ತಾರೆ. ಮೊದಲು ದಿನಾ ಫೋನ್ ಮಾಡುತ್ತಿದ್ದರು, ಆಮೇಲೆ ಭಾನುವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ. ಅವರಿಗೂ ಮನೆ, ಮಕ್ಕಳು, ಅತ್ತೆಯ ಔಷಧಿ. ನಾನು ಒಂಟಿ ಹೆಂಗಸು, ಮದುವೆಯಾಗಲಿಲ್ಲ. ನನ್ನ ಹತ್ತಿರ ಸಮಯ ಬಿದ್ದಿರುತ್ತದೆ. ಎಲ್ಲ ಹೋಗಿ ನಮ್ಮ ಮೂವರ ನಡುವೆ ಉಳಿದದ್ದು ಬೆಳಗಿನ ಆ ಬಣ್ಣದ ಮನೆಗಳು ಮಾತ್ರ. ಫೋನಿನಲ್ಲಿ ನಮ್ಮ ಮೂವರದೇ ಒಂದು ಗುಂಪು. ಬಸ್ಸು ಹತ್ತುವ ಮೊದಲು ನಾನು ಕಳಿಸುತ್ತಿದ್ದೆ. ಪ್ರಾರ್ಥನೆ ಗಂಟೆಯೊಳಗೆ ಅವರಿಬ್ಬರದೂ ಬಂದಿರುತ್ತಿತ್ತು.

ಪದ ಒಂದೇ, ಉತ್ತರವೂ ಒಂದೇ ಆದದ್ದರಿಂದ ಮೂವರ ಮೊದಲ ಸಾಲೂ ಒಂದೇ ಥರ ಇರುತ್ತಿತ್ತು. ಎರಡನೆಯ ಸಾಲಿನಿಂದ ಅವರವರ ದಾರಿ ಅವರವರಿಗೆ. ನಾನು ಆ ಮೊದಲ ಸಾಲನ್ನೇ ನೋಡುತ್ತಿದ್ದೆ. ಆಳಂದದಲ್ಲೊಂದು, ಅಫಜಲಪುರದಲ್ಲೊಂದು, ಜೇವರ್ಗಿಯಲ್ಲೊಂದು, ಒಂದೇ ಸೀರೆಯಿಂದ ಹರಿದ ಮೂರು ಚೂರಿನ ಹಾಗೆ. ಇದೊಂದು ಇರುವ ತನಕ ನಾವು ಮೂವರೇ ಎಂದುಕೊಂಡಿದ್ದೆ. ಹುಚ್ಚು ಎನ್ನಿ ಬೇಕಾದರೆ.

ಒಂದು ದಿನ ಉತ್ತರ ‘ಪ್ಲೇಟ್’ ಎಂದಿತ್ತು. ನನ್ನ ಮೊದಲ ಸಾಲು ಬೂದಿ, ಹಳದಿ, ಹಳದಿ, ಹಳದಿ, ಬೂದಿ. ಎ, ಟಿ, ಇ ಮೂರೂ ಇದ್ದವು, ಮೂರೂ ತಪ್ಪು ಜಾಗದಲ್ಲಿ. ಶಾಲೆ ಮುಟ್ಟಿ ಫೋನ್ ತೆಗೆದರೆ ಆಳಂದದ ಮೊದಲ ಸಾಲು ಬೂದಿ, ಹಳದಿ, ಹಸಿರು, ಬೂದಿ, ಹಸಿರು. ಕಣ್ಣುಜ್ಜಿ ನೋಡಿದೆ. ಏನೋ, ಇವತ್ತು ಬೇರೆ ಪದ ಹಾಕಿರಬೇಕು ಎಂದುಕೊಂಡೆ. ಎರಡನೇ ಪೀರಿಯಡ್ ಮುಗಿಸಿ ಬಂದಾಗ ಅಫಜಲಪುರದ್ದೂ ಬಂದಿತ್ತು. ಬೂದಿ, ಹಳದಿ, ಹಸಿರು, ಬೂದಿ, ಹಸಿರು.

ಒಬ್ಬಳು ಪದ ಬದಲಿಸಿದರೆ ಅದು ಅವಳ ಮನಸ್ಸು. ಇಬ್ಬರೂ ಒಂದೇ ದಿನ ಒಂದೇ ಥರ ಬದಲಿಸಿದರೆ ಅವರಿಬ್ಬರೂ ಮಾತಾಡಿಕೊಂಡಿದ್ದಾರೆ ಎಂದರ್ಥ. ನನ್ನನ್ನು ಬಿಟ್ಟು ಮಾತಾಡಿಕೊಂಡಿದ್ದಾರೆ. ಹಬ್ಬಕ್ಕೊಮ್ಮೆ ಫೋನ್ ಮಾಡಲು ಪುರಸೊತ್ತಿಲ್ಲದವರಿಗೆ ತಮ್ಮತಮ್ಮಲ್ಲಿ ಪದ ಆರಿಸುವಷ್ಟು ಪುರಸೊತ್ತು ಇತ್ತು. ಅವತ್ತು ಎಂಟನೆಯ ತರಗತಿಯ ಮಕ್ಕಳಿಗೆ ಕಾರಣವಿಲ್ಲದೆ ಬೈದೆ.

ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಅವರಾಗಿಯೇ ಹೇಳಲಿ ಎಂದು ಕಾದೆ, ಹಲ್ಲು ಕಚ್ಚಿ ಕಾದೆ. ಮೂರ್ನಾಲ್ಕು ದಿನದಲ್ಲಿ ‘ಸ್ಟೋನ್’ ಬಂತು. ನನಗೆ ಬೂದಿ, ಬೂದಿ, ಹಳದಿ, ಹಳದಿ, ಹಳದಿ. ಅವರಿಬ್ಬರಿಗೂ ಹಸಿರು, ಹಸಿರು, ಬೂದಿ, ಬೂದಿ, ಹಸಿರು. ಅಷ್ಟರಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತ್ತು. ಪ್ರತಿ ದಿನವೂ ನನ್ನ ಸಾಲಿನಲ್ಲಿ ಹಳದಿಯೋ ಹಸಿರೋ ಬಂದ ಮನೆಗಳು ಎಷ್ಟೋ, ಅವರ ಸಾಲಿನಲ್ಲೂ ಅಷ್ಟೇ. ಜಾಗ ಮಾತ್ರ ಬೇರೆ, ಹಳದಿ ಇದ್ದದ್ದು ಕೆಲವು ಕಡೆ ಹಸಿರು. ಅಂದರೆ ಅವರು ಹೊಸ ಅಕ್ಷರ ತಂದಿಲ್ಲ. ನನ್ನ ಐದು ಅಕ್ಷರಗಳನ್ನೇ ಇಟ್ಟುಕೊಂಡು ಹಿಂದೆ ಮುಂದೆ ಮಾಡಿದ್ದಾರೆ. ‘ಸ್ಟೋನ್’ ದಿನ ಮೊದಲ ಎರಡು ಮನೆ ಮತ್ತು ಕೊನೆಯ ಮನೆ ಹಸಿರಾಗಿವೆ, ಆದ್ದರಿಂದ ಅವರ ಪದ ಎಸ್, ಟಿ ಎಂದು ಶುರುವಾಗಿ ಇ ಎಂದು ಮುಗಿಯುತ್ತದೆ. ‘ಪ್ಲೇಟ್’ ದಿನ ನಡುವಿನ ಮನೆ ಹಸಿರು, ಅಲ್ಲಿರುವುದು ಎ. ಉಳಿದದ್ದು ಆರ್, ಉಳಿದ ಜಾಗ ನಾಲ್ಕನೆಯದು. ಎಸ್, ಟಿ, ಎ, ಆರ್, ಇ. ಸ್ಟೇರ್. ದುರುಗುಟ್ಟಿ ನೋಡುವುದು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಅಕ್ಷರ ಕಾಣುವುದಿಲ್ಲ, ಅಕ್ಕನಿಗೆ ತಿಳಿಯುವುದಿಲ್ಲ ಎಂದು ಅವರ ಲೆಕ್ಕ.

ಅವರ ಪದ ನನ್ನದಕ್ಕಿಂತ ಒಳ್ಳೆಯದು. ಇದನ್ನು ಬರೆಯುವಾಗಲೂ ಕೈ ಕಹಿಯಾಗುತ್ತದೆ, ಆದರೂ ನಿಜ ನಿಜವೇ. ಹಳೆಯ ಉತ್ತರಗಳನ್ನೆಲ್ಲ ನೆನಪು ಮಾಡಿಕೊಂಡು ನೋಡಿದೆ. ಈ ಆಟದ ಉತ್ತರಗಳಲ್ಲಿ ಎಸ್ ಹಚ್ಚಿದ ಬಹುವಚನ ಬರುವುದು ತೀರ ಅಪರೂಪ. ನನ್ನ ಎಸ್ ಕೊನೆಯ ಮನೆಯಲ್ಲಿ ಹಸಿರಾದದ್ದು ನನಗೆ ನೆನಪೇ ಇಲ್ಲ. ತಲೆಯಲ್ಲಿ ಎಸ್ ಇರುವ ಪದಗಳು ರಾಶಿ, ಬಾಲದಲ್ಲಿ ಇ ಇರುವವು ಅದಕ್ಕಿಂತ ದೊಡ್ಡ ರಾಶಿ. ಅದೇ ಐದು ಅಕ್ಷರ ಕೇಳಿದರೂ, ಜಾಗ ಸರಿಯಿದ್ದರೆ ಹಳದಿ ಸಿಗುವ ಕಡೆ ಹಸಿರು ಸಿಗುತ್ತದೆ. ಹಸಿರು ಹೆಚ್ಚು ಸುದ್ದಿ ಹೇಳುತ್ತದೆ. ಗಣಿತದವಳು ಅವತ್ತು ಅಂದದ್ದೂ ಇದನ್ನೇ. ಇರಲಿ. ಸರಿಯಾದದ್ದು ಸಿಕ್ಕಾಗ ನನಗೂ ಹೇಳಬೇಕಿತ್ತೋ ಇಲ್ಲವೋ? ನನ್ನನ್ನು ತಪ್ಪು ಪದದ ಜೊತೆ ಬಿಟ್ಟು, ದಿನಾ ಬೆಳಿಗ್ಗೆ ಕೆಳಗೆ “ಅಕ್ಕಾರ, ಇವತ್ತ ಐದಕ್ಕ ಬಿತ್ತೇನ್ರಿ? ಭಾಳ ಕಠಿಣ ಇತ್ತ ಬಿಡ್ರಿ” ಎಂದು ಬರೆಯುವುದು ಯಾವ ಸೀಮೆಯ ತಂಗಿತನ?

ಜೂನ್‌ನಲ್ಲಿ ಪೂರಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಮೂವರೂ ಕಲಬುರಗಿಗೆ ಹೋದೆವು. ವಿಷಯಕ್ಕೊಂದು ಕೇಂದ್ರ, ಹಗಲೆಲ್ಲ ಬೇರೆ ಬೇರೆ. ಕೊನೆಯ ದಿನ ಸಂಜೆ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ಸೇರಿದೆವು. ಬಿಸಿಲು ಇಳಿದಿದ್ದರೂ ಗೋಡೆ ಇನ್ನೂ ಕಾಯ್ದಿತ್ತು. ಇಬ್ಬರೂ ನನ್ನನ್ನು ತಬ್ಬಿಕೊಂಡರು, ವಿಜ್ಞಾನದವಳು ಘತ್ತರಗಿಯ ಭಾಗ್ಯವಂತಿ ದೇವಿಯ ಕುಂಕುಮ ತಂದಿದ್ದಳು. ಸುಸಲಾ, ಮಿರ್ಚಿ ಭಜಿ ಬಂದವು. ಬೇರೆ ಮಾತೆಲ್ಲ ಆಯಿತು. ಚಹಾ ಬರುವ ಹೊತ್ತಿಗೆ ನಾನು ಕೇಳಿದೆ.

“ಅಲ್ಲಬೇ, ಆಟ ಈಗೂ ಅದ ಪದದಿಂದ ಶುರು ಮಾಡ್ತೀರೇನು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡದಿದ್ದದ್ದೇ ನನಗೆ ಸಾಕಿತ್ತು.

“ಹೌದ್ರಿ ಅಕ್ಕಾರ,” ಎಂದಳು ವಿಜ್ಞಾನದವಳು. “ನೀವ್ ಆರಿಸಿದ್ದ ಪದ ಬಿಡ್ತೀವೇನ್ರಿ?”

“ಭಾರಿ ಪದ ಅದ್ರಿ ಅದು,” ಎಂದು ಗಣಿತದವಳು ಚಹಾಕ್ಕೆ ಸಕ್ಕರೆ ಕಲಕಿದಳು. ಆ ಚಹಾಕ್ಕೆ ಮೊದಲೇ ಸಕ್ಕರೆ ಹಾಕಿಯೇ ತಂದಿದ್ದರು.

ಜೇವರ್ಗಿಯ ಬಸ್ಸು ಬಂದಿದೆ ಎಂದು ಎದ್ದೆ. ಕುಂಕುಮದ ಪೊಟ್ಟಣ ಮೇಜಿನ ಮೇಲೇ ಉಳಿದಿತ್ತು, ವಿಜ್ಞಾನದವಳು ಓಡಿ ಬಂದು ಕಿಟಕಿಯಿಂದ ಕೊಟ್ಟಳು.

ಮರುದಿನ ಬೆಳಿಗ್ಗೆ ಮೊದಲ ಸಲ ನಾನು ಅವರ ಪದ ಹಾಕಿದೆ. ಎಸ್, ಟಿ, ಎ, ಆರ್, ಇ. ಬೂದಿ, ಬೂದಿ, ಹಸಿರು, ಹಳದಿ, ಹಸಿರು. ಮೂರನೆಯ ಸಾಲಿಗೇ ‘ಗ್ರೇಪ್’ ಎಂದು ಸಿಕ್ಕಿತು. ದ್ರಾಕ್ಷಿ, ಹುಳಿ ದ್ರಾಕ್ಷಿ. ಗುಂಪಿಗೆ ಕಳಿಸಿದೆ. ಒಂದು ಅಕ್ಷರವನ್ನೂ ಬರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಆಳಂದದ್ದು ಬಂತು, ಅಫಜಲಪುರದ್ದೂ ಬಂತು. ನನ್ನದನ್ನು ನೋಡದೆಯೇ ಕಳಿಸಿರಬೇಕು, ಪಾಪ. ಬಹಳ ದಿನಗಳ ಮೇಲೆ ಮೂವರ ಮೊದಲ ಸಾಲೂ ಒಂದೇ ಆಗಿತ್ತು. ಬೂದಿ, ಬೂದಿ, ಹಸಿರು, ಹಳದಿ, ಹಸಿರು. ಅವತ್ತು ಯಾರೂ “ಅಕ್ಕಾರ, ಎಷ್ಟಕ್ಕ ಬಿತ್ರಿ” ಎಂದು ಕೇಳಲಿಲ್ಲ.

ಸಂಜೆ ಆಳಂದದಿಂದ ಫೋನ್ ಬಂತು.

“ಅಕ್ಕಾರ, ಸಿಟ್ಟಾಗಬ್ಯಾಡ್ರಿ.”

“ಸಿಟ್ಟಾಗೂದೇನ ಅದ ಇದರಾಗ? ಆಟ ಅದ.”

“ಹೇಳಬೇಕಂತ ಭಾಳ ಸಲ ಅನ್ಕೊಂಡಿದ್ವಿ. ಆದ್ರ ನಿಮಗ ಹೇಳಾಕ ಧೈರ್ಯ ಸಾಲಂಗಿಲ್ರಿ. ನಿಮ್ಮ ಮಾತ ಬ್ಯಾಡ ಅಂದ್ರ ನಿಮಗ ತ್ರಾಸ ಆಗ್ತದ. ಸಾಲ್ಯಾಗ ಇದ್ದಾಗಿಂದೂ ನಾವಿಬ್ರೂ ಹಂಗ, ನಿಮ್ಮ ಮುಂದ ಹೂಂ ಅನ್ನೂದು, ಆಮ್ಯಾಗ ನಮಗ ತಿಳಿದಂಗ ಮಾಡೂದು. ನಿಮ್ಮ ಮನಸ್ಸ ನೋಯಬಾರದು ಅಂತ ರಿ.”

ಶಾಲೆಯಲ್ಲಿ ಇದ್ದಾಗಿನಿಂದ. ಪದದ ವಿಷಯ ಕೇಳಲು ಕೂತವಳಿಗೆ ಅವಳು ಇಡೀ ಬಸ್ಸನ್ನೇ ತಂದು ಮುಂದೆ ನಿಲ್ಲಿಸಿದಳು. ಹಾಗಾದರೆ ಆ ಮಧ್ಯಾಹ್ನಗಳು? ನಾನು ಬೈದಾಗ ನಕ್ಕದ್ದು, “ನೀವ್ ಹೇಳಿದ್ದ ಖರೆ” ಎಂದು ಕಾಗದ ಮಡಚಿದ್ದು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಹಾಗೆ ಇಬ್ಬರೂ ಸೇರಿ ನನ್ನನ್ನು ಸಂಭಾಳಿಸುತ್ತಿದ್ದರು, ತಪಾಸಣೆಗೆ ಬಂದ ಸಾಹೇಬರನ್ನು ಸಂಭಾಳಿಸುವ ಹಾಗೆ. ನಾನು ಅದನ್ನೇ ಪ್ರೀತಿ ಎಂದುಕೊಂಡು ಅವರ ಡಬ್ಬಿಯ ರೊಟ್ಟಿ ತಿಂದಿದ್ದೆ.

“ಆತು ತಂಗಿ, ಇಡ್ತೇನಿ,” ಎಂದು ಫೋನ್ ಇಟ್ಟೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಅಡಕೆಗೂ ಹೋಗಲಿಲ್ಲ, ಐದು ಬಣ್ಣದ ಮನೆಗೆ ಹೋಯಿತು.

ಮರುದಿನವೂ ನಾನು ಅವರ ಪದವನ್ನೇ ಹಾಕಿದೆ. ಹಠವೋ, ಸರಿಯಾದ ಪದ ಸಿಕ್ಕ ಮೇಲೆ ತಪ್ಪಿಗೆ ಹಿಂತಿರುಗುವುದೇಕೆ ಎಂಬ ಬುದ್ಧಿಯೋ ಹೇಳಲಾರೆ. ಮೊದಲನೆಯದು ಬೂದಿ, ಉಳಿದ ನಾಲ್ಕೂ ಹಳದಿ. ಟಿ, ಎ, ಆರ್, ಇ ಎಲ್ಲ ಇವೆ, ಒಂದೂ ತನ್ನ ಜಾಗದಲ್ಲಿಲ್ಲ. ತಡಕಾಡಿ ತಡಕಾಡಿ ಐದನೆಯ ಸಾಲಿಗೆ ‘ವಾಟರ್’ ಸಿಕ್ಕಿತು. ಕಳಿಸಿದೆ, ಬಸ್ಸು ಹತ್ತಿದೆ.

ಶಾಲೆ ಮುಟ್ಟುವಷ್ಟರಲ್ಲಿ ಇಬ್ಬರದೂ ಬಂದಿತ್ತು. ಇಬ್ಬರ ಮೊದಲ ಸಾಲೂ ಹಳದಿ, ಹಸಿರು, ಹಸಿರು, ಹಸಿರು, ಬೂದಿ. ನಾನು ಪ್ರಾರ್ಥನೆಯ ಸಾಲಿನ ಹಿಂದೆ ನಿಂತು ಬೆರಳಿನಲ್ಲಿ ಲೆಕ್ಕ ಹಾಕಿದೆ. ಆರ್ ಹಳದಿ, ಎ ಹಸಿರು, ಟಿ ಹಸಿರು, ಇ ಹಸಿರು, ಎಸ್ ಬೂದಿ. ರೇಟ್ಸ್. ನನ್ನ ಪದಕ್ಕೆ ವಾಪಸು ಬಂದಿದ್ದರು, ಇಬ್ಬರೂ ಕೂಡಿ, ಮತ್ತೆ ನನ್ನನ್ನು ಬಿಟ್ಟು ಮಾತಾಡಿಕೊಂಡು. ಅಕ್ಕನ ಮನಸ್ಸು ನೋಯಬಾರದಲ್ಲ. ಆಳಂದದವಳಿಗೆ ಎರಡನೆಯ ಸಾಲಿಗೇ ಉತ್ತರ ಸಿಕ್ಕಿತ್ತು, ಅಫಜಲಪುರದವಳಿಗೆ ಮೂರನೆಯದಕ್ಕೆ.

ಎಣಿಕೆ ಹೇಳುವುದು ಬಹಳ ದಿನಗಳ ಮಾತು, ಒಂದು ದಿನದ್ದಲ್ಲ. ಬಹಳ ದಿನಗಳಲ್ಲಿ ಅವರ ಪದವೇ ಗೆಲ್ಲುತ್ತದೆ, ನನಗೆ ಗೊತ್ತು. ಆದರೆ ಆ ಒಂದು ದಿನ ನನ್ನ ಪದವೇ ದೊಡ್ಡದಾಗಿ ಗೆದ್ದಿತು, ಭಿಕ್ಷೆ ಹಾಕಲು ಬಂದವರ ಕೈಯಲ್ಲಿ. ನನ್ನ ಕೈಯಲ್ಲಿ ಅವರ ಪದವಿತ್ತು.

ಗುಂಪಿನಲ್ಲಿ ವಿಜ್ಞಾನದವಳು ಬರೆದಿದ್ದಳು. “ನೋಡ್ರಿ ಅಕ್ಕಾರ, ನಿಮ್ಮ ಪದನ ಛಲೋ ಅದ.”

ನಾನು ಅದನ್ನು ಓದಿದೆ, ಉತ್ತರ ಬರೆಯಲಿಲ್ಲ. ಈಗಲೂ ದಿನಾ ಬೆಳಿಗ್ಗೆ ಆಡುತ್ತೇನೆ, ಯಾರಿಗೂ ಕಳಿಸುವುದಿಲ್ಲ. ಕೆಲವು ವಾರ ಅವರಿಬ್ಬರೂ ಗುಂಪಿಗೆ ಕಳಿಸುತ್ತಿದ್ದರು, ದಿನಾ ನನ್ನ ಪದದಿಂದಲೇ. ಆಮೇಲೆ ಅದೂ ನಿಂತಿತು. ಆಟ ಬಿಟ್ಟಿದ್ದಾರೆ ಎಂದು ನಾನು ನಂಬುವುದಿಲ್ಲ. ಇಬ್ಬರೇ ಎಲ್ಲೋ ಕಳಿಸಿಕೊಳ್ಳುತ್ತಿರಬೇಕು, ಎಸ್ ಮೊದಲಿಟ್ಟು, ಇ ಕೊನೆಗಿಟ್ಟು. ಬೆಳಿಗ್ಗೆ ಬಸ್ಸಿನಲ್ಲಿ ಉತ್ತರ ಸಿಕ್ಕ ಮೇಲೆ ನಾನು ಅವರ ಮೊದಲ ಸಾಲು ಯಾವ ಬಣ್ಣದ್ದಿರಬಹುದು ಎಂದು ಮನಸ್ಸಿನಲ್ಲೇ ಹಚ್ಚಿ ನೋಡುತ್ತೇನೆ. ಬೇರೆ ಎಣಿಸಬೇಕಾಗಿಯೇ ಇಲ್ಲ, ನನ್ನ ಸಾಲೇ ಅವರ ಸಾಲೂ ಆಗಿರುತ್ತದೆ. ನಾನೂ ಅದೇ ಪದ ಹಾಕಿರುತ್ತೇನೆ.